ಸುರಂಗ ರಸ್ತೆಗೆ ಗಾಡಿಗಳೇ ಬರದಿದ್ದರೆ ನಷ್ಟ ಯಾರ ತಲೆಗೆ?

ಹೆಬ್ಬಾಳದ ಹುಡುಗ

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಬೇಕಾ, ಬೇಡ್ವಾ ಅನ್ನೋ ಜಗಳ ಇಲ್ಲಿ ಸಾಕಷ್ಟು ಆಗಿದೆ. ಲಾಲ್‌ಬಾಗ್ ವಿಷಯವೂ ಬಂದು ಹೋಗಿದೆ. ಅದನ್ನು ಮತ್ತೆ ಶುರು ಮಾಡಬೇಡಿ, ದಮ್ಮಯ್ಯ. ನನ್ನ ಪ್ರಶ್ನೆ ಬರೀ ದುಡ್ಡಿನದು.

ಉದ್ದ ಸುಮಾರು 17 ಕಿಲೋಮೀಟರ್. ಅಂದಾಜು ವೆಚ್ಚ 17,700 ಕೋಟಿ ರೂಪಾಯಿ ಆಸುಪಾಸು. ಶೇಷಾದ್ರಿ ರಸ್ತೆ ಹತ್ತಿರ ಎರಡು ಭಾಗ ಮಾಡಿ ಟೆಂಡರ್ ಕರೆದರು. ಖಾಸಗಿ ಕಂಪನಿ ಕಟ್ಟಬೇಕು, ಒಂದಷ್ಟು ವರ್ಷ ಟೋಲ್ ವಸೂಲಿ ಮಾಡಬೇಕು, ಆಮೇಲೆ ವಾಪಸ್ ಕೊಡಬೇಕು. ಸರ್ಕಾರವೂ ಒಂದು ಪಾಲು ಹಾಕುತ್ತದೆ.

ಟೋಲ್ ದುಬಾರಿ ಅಂತ ಜನ ಮೇಲಿನ ರಸ್ತೆಯಲ್ಲೇ ಹೋದರೆ? ಅಂದುಕೊಂಡದ್ದರಲ್ಲಿ ಅರ್ಧ ಗಾಡಿ ಮಾತ್ರ ಬಂದರೆ? ಆ ನಷ್ಟವನ್ನು ಕಂಪನಿ ತಾನೇ ಹೊರುತ್ತದಾ, ಇಲ್ಲಾ ಸುತ್ತಿ ಬಳಸಿ ನಮ್ಮ ತಲೆಗೇ ಬರುತ್ತದಾ? ಗೊತ್ತಿರೋರು ಹೇಳಿ.

ಜಯನಗರ ಪ್ರಕಾಶ

ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನಿದೆ? ಖಾಸಗಿಯವರಿಗೆ ಕೊಡೋದೇ ಅದಕ್ಕೆ. ಲಾಭ ಬಂದರೆ ಅವರದು, ನಷ್ಟ ಆದರೂ ಅವರದು.

ಸಿಡ್ನಿಯ ಕ್ರಾಸ್ ಸಿಟಿ ಟನಲ್ ನೋಡಿ. ಎರಡು ಕಿಲೋಮೀಟರ್ ಚಿಲ್ಲರೆ ಉದ್ದ. 2005ರಲ್ಲಿ ತೆರೆದರು. ದಿನಕ್ಕೆ 90,000 ಗಾಡಿ ಬರುತ್ತವೆ ಅಂತ ಲೆಕ್ಕ ಹಾಕಿದ್ದರು. ಬಂದದ್ದು ಹೆಚ್ಚುಕಡಿಮೆ ಮೂರನೇ ಒಂದು ಭಾಗ. 2006ರ ಕೊನೆಗೆ ಕಂಪನಿ ಸಾಲ ಕೊಟ್ಟವರ ಕೈಗೆ ಹೋಯಿತು, ಮುಂದಿನ ವರ್ಷ ಬೇರೆಯವರು ಕೊಂಡರು. ಸುರಂಗ ಎಲ್ಲಿಗೂ ಹೋಗಲಿಲ್ಲ, ಇವತ್ತಿಗೂ ಗಾಡಿ ಓಡಾಡುತ್ತಿವೆ. ಬಂಡವಾಳ ಹಾಕಿದವರು ಕೈ ಸುಟ್ಟುಕೊಂಡರು, ಅಷ್ಟೇ. ನಮಗೂ ಹಾಗೇ ಆಗುತ್ತದೆ.

ಕಾವೇರಿ ಎಂ.

ಪ್ರಕಾಶ್ ಅವರು ಸಿಡ್ನಿ ಬಗ್ಗೆ ಹೇಳಿದ್ದು ಸರಿ. ಆದರೆ ಆ ಕರಾರು ಬೇರೆ, ನಮ್ಮ ದೇಶದ ಕರಾರುಗಳು ಬೇರೆ. ಟೋಲ್ ರಸ್ತೆಗಳ ಕರಾರು ಓದೋದು, ಅದರಲ್ಲಿ ಜಗಳ ಬಂದರೆ ಕಡತ ತಯಾರು ಮಾಡೋದು ನನ್ನ ಕೆಲಸವಾಗಿತ್ತು. ಇಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಒಂದು ಮಾದರಿ ಕರಾರು ಇದೆ. ರಾಜ್ಯಗಳು ಕೂಡ ಎಷ್ಟೋ ಸಲ ಅದನ್ನೇ ಎದುರಿಗಿಟ್ಟುಕೊಂಡು ಬರೆಯುತ್ತವೆ. ಆಮೇಲೆ ಅದಕ್ಕೆ ತಿದ್ದುಪಡಿಗಳಾಗಿವೆ, ನಾನು ಮೂಲ ಮಾದರಿಯ ಪ್ರಕಾರ ಹೇಳುತ್ತೇನೆ.

ಅದರಲ್ಲಿ ‘ಗುರಿ ಸಂಚಾರ’ ಅಂತ ಒಂದು ಷರತ್ತಿದೆ. ಹತ್ತು ವರ್ಷದ ಹೊತ್ತಿಗೆ ದಿನಕ್ಕೆ ಇಷ್ಟು ಗಾಡಿ ಓಡಾಡಬೇಕು ಅಂತ ಮೊದಲೇ ಒಂದು ಸಂಖ್ಯೆ ಬರೆದಿರುತ್ತಾರೆ. ಆಗ ಎಣಿಸಿ ನೋಡುತ್ತಾರೆ. ಕಡಿಮೆ ಬಂದಿದ್ದರೆ, ಪ್ರತಿ 1 ಶೇಕಡಾ ಕೊರತೆಗೆ ಟೋಲ್ ಅವಧಿ 1.5 ಶೇಕಡಾ ಹೆಚ್ಚುತ್ತದೆ. ಜಾಸ್ತಿ ಬಂದಿದ್ದರೆ, ಪ್ರತಿ 1 ಶೇಕಡಾಕ್ಕೆ ಅವಧಿ 0.75 ಶೇಕಡಾ ಇಳಿಯುತ್ತದೆ.

ಒಂದು ಲೆಕ್ಕ ಮಾಡೋಣ. ಕರಾರು 20 ವರ್ಷದ್ದು, ಗುರಿ 1,00,000 ಗಾಡಿ ಅಂತ ಇಟ್ಟುಕೊಳ್ಳಿ. ಬಂದದ್ದು 88,000. ಕೊರತೆ 12 ಶೇಕಡಾ, ಅವಧಿ ಹೆಚ್ಚೋದು 18 ಶೇಕಡಾ. ಅಂದರೆ ಮೂರೂವರೆ ವರ್ಷಕ್ಕೂ ಸ್ವಲ್ಪ ಜಾಸ್ತಿ. ಅದೇ 12 ಶೇಕಡಾ ಜಾಸ್ತಿ ಗಾಡಿ ಬಂದಿದ್ದರೆ ಅವಧಿ ಇಳಿಯೋದು 9 ಶೇಕಡಾ, ಎರಡು ವರ್ಷವೂ ತುಂಬಲ್ಲ. ತಕ್ಕಡಿ ಯಾವ ಕಡೆ ವಾಲಿದೆ ನೋಡಿ. ಈ ಹೆಚ್ಚುವರಿ ವರ್ಷಗಳ ದುಡ್ಡು ಸರ್ಕಾರದ ಬಜೆಟ್‌ನಲ್ಲಿ ಎಲ್ಲೂ ಕಾಣಲ್ಲ. ಕೊಡೋದು ಆಗ ಗಾಡಿ ಓಡಿಸೋರು.

ಹೆಬ್ಬಾಳದ ಹುಡುಗ

ಅಂದರೆ ಅರ್ಧಕ್ಕರ್ಧ ಬಂದರೆ 75 ಶೇಕಡಾ ಅವಧಿ ಹೆಚ್ಚಾಗುತ್ತದಾ? ಇನ್ನೂ 15 ವರ್ಷ ಟೋಲ್?

ಕಾವೇರಿ ಎಂ.

ಇಲ್ಲ, ಅದಕ್ಕೊಂದು ಮಿತಿ ಇದೆ. ಹೆಚ್ಚೋದು 20 ಶೇಕಡಾ ದಾಟುವಂತಿಲ್ಲ, ಇಳಿಯೋದು 10 ಶೇಕಡಾ ದಾಟುವಂತಿಲ್ಲ. ಹಾಗಾಗಿ ನಿಮ್ಮ ಅರ್ಧಕ್ಕರ್ಧದ ಪ್ರಕರಣದಲ್ಲಿ ಸಿಗೋದು ನಾಲ್ಕೇ ವರ್ಷ. ಮಿಕ್ಕ ನಷ್ಟ ಕಂಪನಿಯದೇ. ಅಷ್ಟರ ಮಟ್ಟಿಗೆ ಪ್ರಕಾಶ್ ಹೇಳಿದ್ದು ನಿಜ.

ಇಂಥ ಮಿತಿ ಬರೆಯದೇ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ದೆಹಲಿ–ನೋಯ್ಡಾ ಡಿಎನ್‌ಡಿ ಫ್ಲೈವೇ ಇದೆ. 1997ರ ಕರಾರು, 2001ರಲ್ಲಿ ರಸ್ತೆ ತೆರೆಯಿತು. ಒಟ್ಟು ವೆಚ್ಚದ ಮೇಲೆ ಕಂಪನಿಗೆ ವರ್ಷಕ್ಕೆ 20 ಶೇಕಡಾ ಆದಾಯ ಬರಲೇಬೇಕು ಅಂತ ಬರೆದಿದ್ದರು. ಒಂದು ವರ್ಷ ಅಷ್ಟು ಬರಲಿಲ್ಲ ಅಂದರೆ, ಕಡಿಮೆ ಬಿದ್ದದ್ದನ್ನು ವೆಚ್ಚಕ್ಕೇ ಸೇರಿಸೋದು. ಮುಂದಿನ ವರ್ಷ ಆ ದೊಡ್ಡ ಮೊತ್ತದ ಮೇಲೆ ಮತ್ತೆ 20 ಶೇಕಡಾ. ಟೋಲ್ ಕಟ್ಟುತ್ತಾ ಹೋದಷ್ಟೂ ತೀರಬೇಕಾದ ಲೆಕ್ಕ ಬೆಳೆಯುತ್ತಾ ಹೋಯಿತು. 2016ರಲ್ಲಿ ಅಲಹಾಬಾದ್ ಹೈಕೋರ್ಟ್ ಟೋಲ್ ನಿಲ್ಲಿಸಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಅಲ್ಲಿ ಗಾಡಿ ಬರಲಿ ಬಿಡಲಿ, ಕಂಪನಿಗೆ ಕಳೆದುಕೊಳ್ಳೋದು ಏನೂ ಇರಲಿಲ್ಲ. ಒಂದೇ ಒಂದು ಷರತ್ತು ಮಾಡಿದ ಕೆಲಸ ಅದು.

ಪದ್ಮಾ ಬನಶಂಕರಿ

ನೀವೆಲ್ಲ ಸಾವಿರಾರು ಕೋಟಿ ಲೆಕ್ಕ ಹೇಳ್ತಿದ್ದೀರ. ನಮ್ಮ ಮನೆ ಹತ್ತಿರದ ಸ್ಕೈವಾಕ್ ಕೂಡ ಪಿಪಿಪಿನೇ ಅಂತೆ, ಸರ್ಕಾರ ಖಾಸಗಿಯವರು ಸೇರಿ ಮಾಡಿದ್ದು. ಲಿಫ್ಟ್ ಕೆಟ್ಟು ಎಷ್ಟು ದಿನ ಆಯ್ತೋ ದೇವರಿಗೇ ಗೊತ್ತು. ಬಾಗಿಲಿಗೆ ಹಗ್ಗ ಕಟ್ಟಿದ್ದಾರೆ, ಒಳಗೆ ಯಾರೋ ಪೊರಕೆ ಬಕೆಟ್ ಇಟ್ಟುಕೊಂಡಿದ್ದಾರೆ. ನನಗೆ ಮೊಣಕಾಲು ನೋವು, ಮೆಟ್ಟಿಲು ಹತ್ತೋಕಾಗಲ್ಲ. ಕೆಳಗಡೆಯಿಂದಲೇ ಗಾಡಿಗಳ ಮಧ್ಯೆ ರಸ್ತೆ ದಾಟ್ತೀನಿ. ಆದರೆ ಮೇಲಿನ ಜಾಹೀರಾತು ಬೋರ್ಡ್ ಲೈಟು ಒಂದು ರಾತ್ರಿನೂ ಆರಿದ್ದು ಕಾಣೆ. ಇದಕ್ಕೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಯಾರಾದ್ರೂ ಹೇಳ್ತೀರಾ?

ಜಯನಗರ ಪ್ರಕಾಶ

ಅಮ್ಮಾ, ಇದು ಸುರಂಗ ರಸ್ತೆಯ ಚರ್ಚೆ. ಲಿಫ್ಟ್ ದೂರಿಗೆ ಬೇರೆ ವಿಭಾಗ ಇದೆ.

ಕಾವೇರಿ ಎಂ.

ಇರಲಿ ಬಿಡಿ ಪ್ರಕಾಶ್. ಪದ್ಮಾ ಅವರು ಹೇಳಿದ್ದರಲ್ಲೇ ಪೂರ್ತಿ ವಿಷಯ ಇದೆ.

ಸ್ಕೈವಾಕ್ ಕಟ್ಟಿದವರಿಗೆ ದುಡ್ಡು ಬರೋದು ಜಾಹೀರಾತಿನಿಂದ, ನಡೆದು ಹೋಗೋರಿಂದ ಅಲ್ಲ. ಲಿಫ್ಟ್ ನಿಂತರೆ ಜಾಹೀರಾತಿನ ಬಾಡಿಗೆ ಒಂದು ರೂಪಾಯಿಯೂ ಕಡಿಮೆ ಆಗಲ್ಲ. ರಿಪೇರಿ ಬರೀ ಖರ್ಚು. ಹಾಗಿರುವಾಗ ಯಾರು ರಿಪೇರಿ ಮಾಡಿಸುತ್ತಾರೆ? ಲಿಫ್ಟ್ ಕೆಟ್ಟ ಪ್ರತಿ ದಿನಕ್ಕೂ ಇಷ್ಟು ದಂಡ, ಇಷ್ಟು ದಿನ ದಾಟಿದರೆ ಬೋರ್ಡಿನ ದೀಪ ಬಂದ್ ಅಂತ ಬರೆದು, ಅದನ್ನು ಎಣಿಸೋಕೆ ಒಬ್ಬರನ್ನು ಇಟ್ಟಿದ್ದರೆ ಕಥೆ ಬೇರೆ ಇರುತ್ತಿತ್ತು. ಕರಾರಿನಲ್ಲಿ ದಂಡ ಇದ್ದರೂ ಎಣಿಸೋರು ಇಲ್ಲದಿದ್ದರೆ ಅದು ಕಾಗದದ ಮೇಲೇ ಉಳಿಯುತ್ತದೆ.

ಪದ್ಮಾ ಅವರೇ, ದೂರು ಕೊಡುವಾಗ ಬರೀ ಲಿಫ್ಟ್ ಕೆಟ್ಟಿದೆ ಅಂತ ಬರೆಯಬೇಡಿ. ಆ ಜಾಗದ ಕರಾರಿನ ಪ್ರತಿ, ನಿರ್ವಹಣೆಯ ಷರತ್ತು, ಇಲ್ಲಿಯವರೆಗೆ ಹಾಕಿದ ದಂಡದ ವಿವರ, ಈ ಮೂರನ್ನೂ ಪಾಲಿಕೆಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರಾರು ಮಾಡಿಕೊಂಡದ್ದು ಪಾಲಿಕೆ, ಹಾಗಾಗಿ ಕಡತ ಅವರ ಹತ್ತಿರವೇ ಇರಬೇಕು. ಫೋನ್ ನಂಬರ್‌ಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಪದ್ಮಾ ಬನಶಂಕರಿ

ಮಗನಿಗೆ ಹೇಳಿ ಬರೆಸ್ತೀನಿ ಕಣಮ್ಮ. ಆದರೂ ನಂಬರ್ ಇದ್ದರೆ ಕಳಿಸಿ.

ನಿವೃತ್ತ ಬ್ಯಾಂಕರ್

ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಕಂಪನಿ ನಷ್ಟ ಹೊರುತ್ತದೆ ಅಂತ ಸಲೀಸಾಗಿ ಹೇಳುತ್ತೀರಿ. ಕಂಪನಿ ಕೈಯಿಂದ ಹಾಕೋ ದುಡ್ಡು ಎಷ್ಟು ಅಂತ ಯಾರೂ ಕೇಳಲಿಲ್ಲ. ನಾನು ಸಾಲ ಕೊಡೋ ಕಡೆ ಕೂತಿದ್ದವನು. ನೂರು ರೂಪಾಯಿ ಕೆಲಸಕ್ಕೆ ಸಾಧಾರಣವಾಗಿ ಎಪ್ಪತ್ತು ಬ್ಯಾಂಕಿನ ಸಾಲ, ಮೂವತ್ತು ಅವರದು. ಆ ಮೂವತ್ತರಲ್ಲೂ ಕಟ್ಟೋ ಗುತ್ತಿಗೆಯನ್ನು ತಮ್ಮದೇ ಇನ್ನೊಂದು ಕಂಪನಿಗೆ ಕೊಟ್ಟು ಒಂದಷ್ಟು ಮೊದಲೇ ವಾಪಸ್ ತೆಗೆದುಕೊಳ್ಳೋರಿದ್ದಾರೆ. ರಸ್ತೆ ತೆರೆಯೋ ಹೊತ್ತಿಗೆ ಅವರ ಲಾಭ ಆಗಿಬಿಟ್ಟಿರುತ್ತದೆ. ಆಮೇಲೆ ಗಾಡಿ ಬಂದರೂ ಸರಿ, ಬರದಿದ್ದರೂ ಸರಿ.

ಇನ್ನು ಕರಾರು ಮುರಿದು ಬಿದ್ದರೆ ಏನಾಗುತ್ತದೆ? ಹೆದ್ದಾರಿ ಮಾದರಿ ಕರಾರಿನಲ್ಲಿ ಅದಕ್ಕೂ ಲೆಕ್ಕ ಇದೆ. ಉದಾಹರಣೆಗೆ, 1,000 ಕೋಟಿ ಯೋಜನೆ, 700 ಕೋಟಿ ಸಾಲ. ಕೆಲವು ವರ್ಷ ಟೋಲ್ ನಡೆದು ಬಾಕಿ ಸಾಲ 500 ಕೋಟಿಗೆ ಇಳಿದಿದೆ. ಆಗ ಕಂಪನಿ ಕಂತು ಕಟ್ಟೋಕಾಗದೆ ಕೈ ಎತ್ತಿತು. ತಪ್ಪು ಪೂರ್ತಿ ಕಂಪನಿಯದು. ಹಾಗಿದ್ದರೂ ಹೆದ್ದಾರಿ ಪ್ರಾಧಿಕಾರ ಬಾಕಿ ಸಾಲದ 90 ಶೇಕಡಾ, ಅಂದರೆ 450 ಕೋಟಿ ಕೊಟ್ಟು ರಸ್ತೆಯನ್ನು ತೆಗೆದುಕೊಳ್ಳಬೇಕು. ವಿಮೆಯಿಂದ ಬಂದದ್ದನ್ನು ಮಾತ್ರ ಕಳೆಯುತ್ತಾರೆ. ತಪ್ಪು ಸರ್ಕಾರದ ಕಡೆಯದಾದರೆ ಪೂರ್ತಿ ಸಾಲ, ಅದರ ಮೇಲೆ ಕಂಪನಿಯ ಬಂಡವಾಳವನ್ನು ಲೆಕ್ಕ ಹಾಕಿ ಅದರ ಒಂದೂವರೆ ಪಟ್ಟು.

ಇದು ಗೊತ್ತಿದ್ದ ಬ್ಯಾಂಕಿನವನು ಗಾಡಿಗಳ ಅಂದಾಜನ್ನು ಎಷ್ಟು ಕಣ್ಣರಳಿಸಿ ನೋಡುತ್ತಾನೆ ಹೇಳಿ? ನಮ್ಮ ಮೇಜಿಗೆ ಬರುತ್ತಿದ್ದ ಸಂಚಾರ ವರದಿಗಳಲ್ಲಿ ಗ್ರಾಫು ಕೆಳಗೆ ಇಳಿದದ್ದನ್ನು ನಾನಂತೂ ನೋಡಲಿಲ್ಲ.

ಜಯನಗರ ಪ್ರಕಾಶ

ಸಾರ್, 450 ಕೋಟಿ ಸುಮ್ನೆ ಕೊಡಲ್ಲವಲ್ಲ. 1,000 ಕೋಟಿ ರಸ್ತೆ ಸರ್ಕಾರದ ಕೈಗೆ ಬರುತ್ತದೆ. ಅರ್ಧ ಬೆಲೆಗೆ ಸಿಕ್ಕ ಹಾಗಾಯ್ತು.

ನಿವೃತ್ತ ಬ್ಯಾಂಕರ್

ಗಾಡಿ ಬರದ ರಸ್ತೆಗೆ 1,000 ಕೋಟಿ ಬೆಲೆ ಎಲ್ಲಿಂದ ಬಂತಪ್ಪ?

ಕಾವೇರಿ ಎಂ.

ಇಬ್ಬರದ್ದೂ ಒಂದೊಂದು ಪಾಲು ಸರಿ. ರಸ್ತೆಯಿಂದ ಜನಕ್ಕೆ ಉಪಯೋಗ ಇರುತ್ತದೆ, ಆದರೆ ಟೋಲ್‌ನಿಂದ ಆ ದುಡ್ಡು ವಾಪಸ್ ಬರುತ್ತದಾ ಅನ್ನೋದು ಬೇರೆ ಮಾತು.

ಬ್ಯಾಂಕರ್ ಸಾರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಮೂಲ ಮಾದರಿಯಲ್ಲಿ ಕಟ್ಟಿ ಮುಗಿಸೋ ಮೊದಲೇ ಕಂಪನಿ ತನ್ನ ತಪ್ಪಿನಿಂದ ಬಿಟ್ಟು ಹೋದರೆ ಸರ್ಕಾರ ಏನೂ ಕೊಡಬೇಕಾಗಿಲ್ಲ. ಅದು ಒಳ್ಳೆಯ ಷರತ್ತು. ಎರಡನೆಯದು, ವೆಚ್ಚ ಉಬ್ಬಿಸಿ ಸಾಲ ಜಾಸ್ತಿ ತೋರಿಸಿದರೂ ಪೂರ್ತಿ ನಡೆಯಲ್ಲ. ಈ ಲೆಕ್ಕಕ್ಕೆ ಹಿಡಿಯೋ ಒಟ್ಟು ವೆಚ್ಚ ಮೂರರಲ್ಲಿ ಯಾವುದು ಕಡಿಮೆಯೋ ಅದು: ಸಾಲದ ಕಾಗದದಲ್ಲಿ ತೋರಿಸಿದ್ದು, ನಿಜವಾಗಿ ಆದ ಖರ್ಚು, ಕರಾರಿನಲ್ಲಿ ಮೊದಲೇ ಬರೆದ ಮೊತ್ತ. ಸುರಂಗದ ಕರಾರು ಸಿಕ್ಕರೆ ನಾನು ಮೊದಲು ಹುಡುಕೋದು ಈ ವ್ಯಾಖ್ಯೆಯನ್ನೇ. ‘ಯಾವುದು ಕಡಿಮೆಯೋ ಅದು’ ಅನ್ನೋ ಮಾತು ಅಲ್ಲಿ ಇಲ್ಲದಿದ್ದರೆ ಬಾಕಿ ಪುಟಗಳನ್ನು ಎಷ್ಟು ಚೆನ್ನಾಗಿ ಬರೆದಿದ್ದರೂ ನನಗೆ ಸಮಾಧಾನ ಇರಲ್ಲ.

ಸರ್ಜಾಪುರ ಸುಮಾ

ನನಗೊಂದು ಸಂಶಯ. ಹೆಬ್ಬಾಳದಿಂದ ಸರ್ಜಾಪುರಕ್ಕೆ ಮೆಟ್ರೋ 3ಎ ಹಂತ ಬರುತ್ತದೆ, ಸುಮಾರು 37 ಕಿಲೋಮೀಟರ್, ರಾಜ್ಯ ಸಂಪುಟ 2024ರಲ್ಲೇ ಒಪ್ಪಿದೆ. ಹೆಬ್ಬಾಳದಿಂದ ಊರಿನ ಮಧ್ಯದವರೆಗೆ ಅದೂ ಸುರಂಗ ರಸ್ತೆಯೂ ಹೆಚ್ಚುಕಡಿಮೆ ಒಂದೇ ಕಡೆ ಹೋಗುತ್ತವೆ ಅಲ್ವಾ? ಮೆಟ್ರೋ ಬಂದು ಕಾರುಗಳು ಕಡಿಮೆಯಾದರೆ, ‘ನೀವೇ ಪೈಪೋಟಿ ತಂದಿರಿ, ಪರಿಹಾರ ಕೊಡಿ’ ಅಂತ ಸುರಂಗದವರು ಕೇಳಬಹುದಾ? ಕೇಳಿದರೆ ಮೆಟ್ರೋ ನಿಧಾನ ಮಾಡುತ್ತಾರಾ? ನಮಗೆ ಬೇಕಾಗಿರೋದು ಮೆಟ್ರೋ.

ಕಾವೇರಿ ಎಂ.

ಸುಮಾ, ನೀವು ಕೇಳಿದ ಈ ಪ್ರಶ್ನೆಯನ್ನು ಟೆಂಡರ್ ತೆರೆಯೋ ಮೊದಲೇ ಕೇಳಬೇಕು.

ಬೆಂಗಳೂರಿಗೆ ಇದರ ಅನುಭವ ಹೊಸದಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದ ಕರಾರು 2004ರಲ್ಲಿ ಆಯಿತು. ನಿಲ್ದಾಣ ತೆರೆದ ಮೇಲೆ 25 ವರ್ಷ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶ ಕೊಡುವಂತಿಲ್ಲ ಅಂತ ಕೇಂದ್ರ ಸರ್ಕಾರ ಅದರಲ್ಲಿ ಒಪ್ಪಿಕೊಂಡಿತು. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. 2008ರ ಮೇ 24ಕ್ಕೆ ನಿಲ್ದಾಣ ತೆರೆಯಿತು. ಆವತ್ತಿಗೆ ಎಚ್‌ಎಎಲ್‌ನಿಂದ ಪ್ರಯಾಣಿಕರ ವಿಮಾನಗಳು ನಿಂತವು. ಎರಡನೇ ನಿಲ್ದಾಣ ಕನಕಪುರ ರಸ್ತೆ ಕಡೆಗಾ, ನೆಲಮಂಗಲ ಕಡೆಗಾ ಅಂತ ಇವತ್ತು ಜಾಗ ನೋಡುತ್ತಿದ್ದಾರಲ್ಲ, ಅದೆಲ್ಲ 2033ರ ಸುತ್ತ ತಿರುಗುತ್ತಿರೋದು ಈ ಷರತ್ತಿನಿಂದಲೇ. 2004ರಲ್ಲಿ ಅದಕ್ಕೊಂದು ಸಮರ್ಥನೆ ಇತ್ತು: ಹೊಸ ನಿಲ್ದಾಣಕ್ಕೆ ಜನ ಬರುತ್ತಾರೋ ಇಲ್ಲವೋ ಅನ್ನೋ ಭಯ. ಆದರೆ ಜನ ಅಂದಾಜು ಮೀರಿ ಬಂದರು. ಭಯ ಹೋಯಿತು, ಷರತ್ತು ಹಾಗೇ ಉಳಿಯಿತು. ಪ್ರಯಾಣಿಕರು ಇಷ್ಟು ದಾಟಿದ ಮೇಲೆ ಈ ರಕ್ಷಣೆ ಇಲ್ಲ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಹೆದ್ದಾರಿ ಮಾದರಿಯಲ್ಲೂ ಪೈಪೋಟಿ ಷರತ್ತು ಇದೆ, ಆದರೆ ಅದು ಹೇಳೋದು ಇನ್ನೊಂದು ರಸ್ತೆಯ ಬಗ್ಗೆ. ರೈಲು, ಮೆಟ್ರೋ ಅದರೊಳಗೆ ಬರಲ್ಲ. ಸುರಂಗದ ಕರಾರು ಬರೆಯೋರು ‘ರಸ್ತೆ’ ಅನ್ನೋ ಜಾಗದಲ್ಲಿ ‘ಸಾರಿಗೆ ಸೌಲಭ್ಯ’ ಅಂತ ಬರೆದುಬಿಟ್ಟರೆ ನಿಮ್ಮ ಮೆಟ್ರೋ, ಬಸ್ ಪಥ ಎಲ್ಲವೂ ಪೈಪೋಟಿ ಆಗಿಬಿಡುತ್ತವೆ. ಕೋಟಿಗಟ್ಟಲೆ ಬೆಲೆಯ ಮಾತು ಅದು.

ಪ್ರಕಾಶ್ ಅವರ ಸಿಡ್ನಿ ಕಥೆಯ ಇನ್ನರ್ಧವೂ ಇದೇ. ಸುರಂಗಕ್ಕೆ ಗಾಡಿ ಬರಲಿ ಅಂತ ಮೇಲಿನ ರಸ್ತೆಗಳನ್ನು ಕಿರಿದು ಮಾಡಿದರು, ಕೆಲವು ತಿರುವು ಮುಚ್ಚಿದರು. ಜನ ರೊಚ್ಚಿಗೆದ್ದರು. ಸರ್ಕಾರ ಕೆಲವನ್ನು ವಾಪಸ್ ತೆರೆಯಬೇಕಾಯಿತು. ಅಲ್ಲಿ ದುಡ್ಡು ಕಳೆದುಕೊಂಡದ್ದು ಹೂಡಿಕೆದಾರರು, ಒಪ್ಪಿದೆ. ಆದರೆ ಟೋಲ್ ಕಟ್ಟದೆ ಮೇಲೆ ಹೋಗುತ್ತಿದ್ದವರೂ ಟ್ರಾಫಿಕ್‌ನಲ್ಲಿ ನಿಂತು ಅದರ ಬೆಲೆ ಕೊಟ್ಟರು.

ಹೆಬ್ಬಾಳದ ಹುಡುಗ

ಬಳ್ಳಾರಿ ರಸ್ತೆ ಕಿರಿದು ಮಾಡೋದನ್ನು ಊಹಿಸಿಕೊಂಡೇ ಬೆವರು ಬಂತು.

ಜಯನಗರ ಪ್ರಕಾಶ

ಮೇಡಂ, ನೀವು ಹೇಳೋ ಹಾಗೆ ಎಲ್ಲಾ ಕಡೆ ಬೇಲಿ ಹಾಕಿದರೆ ಟೆಂಡರ್ ಹಾಕೋರು ಯಾರು? ಪೆರಿಫೆರಲ್ ರಿಂಗ್ ರಸ್ತೆಗೆ ಏನಾಯ್ತು ನೆನಪಿದೆಯಾ? 73 ಕಿಲೋಮೀಟರ್. ಜಮೀನಿನ ಖರ್ಚೂ ನಿಮ್ಮದೇ, ಕಟ್ಟೋದೂ ನಿಮ್ಮದೇ, ಟೋಲ್‌ನಿಂದ ವಸೂಲಿ ಮಾಡಿಕೊಳ್ಳಿ ಅಂತ ಬಿಡಿಎ ಟೆಂಡರ್ ಕರೀತು. ಮತ್ತೆ ಮತ್ತೆ ಕರೀತು. ಯಾರೂ ಬರಲಿಲ್ಲ. ಕೊನೆಗೆ ಹೆಸರು ಬದಲಾಯಿಸಿ ಬಿಸಿನೆಸ್ ಕಾರಿಡಾರ್ ಅಂತ ಮಾಡಿ ಸಾಲ ತರಬೇಕಾಯಿತು. ರೈತರ ಜಮೀನು ಅಷ್ಟು ವರ್ಷ ನೋಟಿಫಿಕೇಷನ್‌ನಲ್ಲೇ ಸಿಕ್ಕಿಕೊಂಡಿತ್ತು.

ಕಾವೇರಿ ಎಂ.

ಒಪ್ಪುತ್ತೇನೆ. ಅದು ಉಲ್ಟಾ ತಪ್ಪು. ಬೆಂಗಳೂರು ಸುತ್ತ ಜಮೀನಿನ ಪರಿಹಾರ ಎಷ್ಟಾಗುತ್ತದೆ, ಕೋರ್ಟಿನಲ್ಲಿ ಯಾವಾಗ ಮುಗಿಯುತ್ತದೆ ಅನ್ನೋದು ಖಾಸಗಿ ಕಂಪನಿಯ ಕೈಯಲ್ಲಿಲ್ಲ. ಅದನ್ನು ಅವರ ಮೇಲೆ ಹಾಕಿದರೆ ಬರಲ್ಲ, ಬಂದರೂ ಎರಡು ಪಟ್ಟು ಬೆಲೆ ಹೇಳುತ್ತಾರೆ. ಜಮೀನು ಸರ್ಕಾರ ಕೊಡಬೇಕು. ಕಟ್ಟೋ ವೆಚ್ಚ, ತಡ, ಗುಣಮಟ್ಟ ಕಂಪನಿಯ ಕೈಯಲ್ಲಿರೋವು, ಅವು ಕಂಪನಿಗೇ ಇರಲಿ.

ಗಾಡಿಗಳ ಸಂಖ್ಯೆ ಪೂರ್ತಿ ಯಾರ ಕೈಯಲ್ಲೂ ಇಲ್ಲ, ಅದಕ್ಕೇ ಇಷ್ಟು ಜಗ್ಗಾಟ. ಆದರೆ ಒಂದು ಗಮನಿಸಿ. ಟೆಂಡರ್‌ನಲ್ಲಿ ಸರ್ಕಾರದಿಂದ ಕಡಿಮೆ ಸಹಾಯಧನ ಕೇಳಿದವರು ಗೆಲ್ಲುತ್ತಾರೆ. ಗಾಡಿ ಜಾಸ್ತಿ ಬರುತ್ತವೆ ಅಂತ ನಂಬಿದವರಷ್ಟೇ ಕಡಿಮೆ ಕೇಳೋಕೆ ಸಾಧ್ಯ. ಹಾಗಾಗಿ ಗೆಲ್ಲೋದು ಹೆಚ್ಚಾಗಿ ಎಲ್ಲರಿಗಿಂತ ಜಾಸ್ತಿ ಆಶಾವಾದಿ. ಇಲ್ಲಾ, ಆಮೇಲೆ ಷರತ್ತು ಬದಲಾಯಿಸಿಕೊಳ್ಳಬಹುದು ಅಂತ ಗೊತ್ತಿದ್ದವರು. ಹೆದ್ದಾರಿಗಳಲ್ಲಿ ಇದನ್ನು ಕಂಡಿದ್ದೇವೆ. 2011–12ರ ಸುಮಾರಿಗೆ ಕಂಪನಿಗಳು ಸಹಾಯಧನ ಕೇಳೋದು ಬಿಟ್ಟು ಸರ್ಕಾರಕ್ಕೇ ಪ್ರತಿ ವರ್ಷ ದುಡ್ಡು ಕೊಡುತ್ತೇವೆ ಅಂತ ಪೈಪೋಟಿ ಮೇಲೆ ಟೆಂಡರ್ ಹಿಡಿದವು. ಆಮೇಲೆ ಕೊಡೋಕಾಗಲಿಲ್ಲ. 2014ರಲ್ಲಿ ಆ ಕಂತುಗಳನ್ನು ಮುಂದೂಡೋಕೆ ಒಪ್ಪಿಗೆ ಸಿಕ್ಕಿತು. ಸೋತ ಬಿಡ್ಡರ್‌ಗಳಿಗೆ ಹೇಗನಿಸಿರಬೇಕು ಯೋಚಿಸಿ. ಮೊದಲೇ ಈ ಸಡಿಲಿಕೆ ಗೊತ್ತಿದ್ದರೆ ಅವರೂ ಹಾಗೇ ಬರೆಯುತ್ತಿದ್ದರು.

ನಿವೃತ್ತ ಬ್ಯಾಂಕರ್

ಸರಿಯಾಗಿ ಹೇಳಿದ್ರಿ. ಕರಾರಿಗೆ ಆಮೇಲೆ ಮಾಡೋ ತಿದ್ದುಪಡಿಗಳನ್ನು ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸಬೇಕು. ಮೂಲ ಕರಾರು ಮಾತ್ರ ವೆಬ್‌ಸೈಟ್‌ನಲ್ಲಿ ಹಾಕಿ, ಪೂರಕ ಕರಾರನ್ನು ಬೀರುವಿನಲ್ಲಿ ಇಟ್ಟರೆ ಓದಿ ಪ್ರಯೋಜನ ಇಲ್ಲ.

ಹೆಬ್ಬಾಳದ ಹುಡುಗ

ಅದಿರಲಿ, ಮೂಲ ಕರಾರನ್ನಾದರೂ ನಮ್ಮಂಥವರು ನೋಡಬಹುದಾ?

ಕಾವೇರಿ ಎಂ.

ಹೆದ್ದಾರಿ ಮಾದರಿಯಲ್ಲಿ ಜನ ಅಷ್ಟಾಗಿ ಗಮನಿಸದ ಒಂದು ಷರತ್ತಿದೆ. ಕಂಪನಿ ತನ್ನ ಸೈಟ್ ಆಫೀಸಿನಲ್ಲಿ ಕರಾರಿನ ಪ್ರತಿ, ನಿರ್ವಹಣೆಯ ಕೈಪಿಡಿ ಇವನ್ನು ಯಾರು ಬಂದು ಕೇಳಿದರೂ ಕೆಲಸದ ದಿನಗಳಲ್ಲಿ ಪುಕ್ಕಟೆ ತೋರಿಸಬೇಕು. ಇಲ್ಲಿ ನೋಡಬಹುದು ಅಂತ ಟೋಲ್ ಗೇಟಿನಲ್ಲಿ ಬೋರ್ಡ್ ಹಾಕಬೇಕು. ಪ್ರತಿ ಬೇಕಿದ್ದರೆ ನಕಲಿನ ಖರ್ಚು ಕೊಟ್ಟು ತೆಗೆದುಕೊಳ್ಳಬಹುದು.

ಸರ್ಜಾಪುರ ಸುಮಾ

ನಿಜವಾಗ್ಲೂ? ಒಂದು ಟೋಲ್ ಗೇಟಿನಲ್ಲಿ ನಮ್ಮ ಯಜಮಾನರು ದರದ ವಿಷಯಕ್ಕೆ ಕರಾರು ತೋರಿಸಿ ಅಂತ ಕೇಳಿದ್ದರು. ಬೂತಿನ ಹುಡುಗ ಫಾಸ್ಟ್ಯಾಗ್ ಬ್ಯಾಲೆನ್ಸ್ ಇಲ್ವಾ ಸಾರ್ ಅಂದ. ಆಫೀಸಿಗೆ ಹೋದರೆ ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ ಅಂದರು. ಹಿಂದೆ ಹಾರ್ನ್ ಹೊಡೆಯುತ್ತಿದ್ದರು, ಬಂದುಬಿಟ್ಟೆವು.

ಕಾವೇರಿ ಎಂ.

ಗೇಟಿನಲ್ಲಿ ಕೇಳಬೇಡಿ, ಸೈಟ್ ಆಫೀಸಿಗೆ ಬರೆದು ಕೊಡಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಪ್ರತಿಯನ್ನು ಪ್ರಾಧಿಕಾರಕ್ಕೂ, ಸ್ವತಂತ್ರ ಎಂಜಿನಿಯರ್‌ಗೂ ಕಳಿಸಿ. ಈ ಸ್ವತಂತ್ರ ಎಂಜಿನಿಯರ್ ಅನ್ನೋರನ್ನು ಪ್ರಾಧಿಕಾರ ನೇಮಿಸುತ್ತದೆ, ಸಂಬಳದಲ್ಲಿ ಅರ್ಧ ಕಂಪನಿ ಭರಿಸುತ್ತದೆ. ರಸ್ತೆಯ ಸ್ಥಿತಿ ಬಗ್ಗೆ ವರದಿ ಬರೆಯೋದು ಅವರೇ. ಆ ವರದಿ ಕೇಳಿದರೆ ಗುಂಡಿ ಯಾವತ್ತು ಕಣ್ಣಿಗೆ ಬಿತ್ತು, ಎಷ್ಟು ದಿನದಲ್ಲಿ ಮುಚ್ಚಬೇಕಿತ್ತು, ದಂಡ ಹಾಕಿದರಾ ಅನ್ನೋದು ಗೊತ್ತಾಗುತ್ತದೆ.

ಜಯನಗರ ಪ್ರಕಾಶ

ಅರ್ಧ ಸಂಬಳ ಕೊಡೋರ ಮೇಲೆ ದಂಡ ಹಾಕುತ್ತಾರಾ?

ಕಾವೇರಿ ಎಂ.

ಕೆಲವರು ಹಾಕುತ್ತಾರೆ. ಹಾಕಿದ ಮೇಲೆ ಪ್ರಾಧಿಕಾರ ವಸೂಲಿ ಮಾಡೋದನ್ನು ಕಂಡದ್ದು ಅದಕ್ಕಿಂತ ಕಡಿಮೆ.

ಹೆಬ್ಬಾಳದ ಹುಡುಗ

ಸರಿ, ಹಾಗಾದರೆ ಸುರಂಗದ ಕರಡು ಕರಾರನ್ನು ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ. ಗುರಿ ಸಂಚಾರದ ಸಂಖ್ಯೆ, ಅವಧಿ ಹೆಚ್ಚಳದ ಮಿತಿ, ಒಟ್ಟು ವೆಚ್ಚದ ವ್ಯಾಖ್ಯೆ, ಪೈಪೋಟಿ ಷರತ್ತಿನಲ್ಲಿ ಮೆಟ್ರೋ ಇದೆಯಾ, ಮೇಲಿನ ರಸ್ತೆ ಬಗ್ಗೆ ಏನು ಬರೆದಿದೆ. ಇನ್ನೇನಾದರೂ ಬಿಟ್ಟೆನಾ?

ನಿವೃತ್ತ ಬ್ಯಾಂಕರ್

ಸಂಚಾರ ಅಂದಾಜು ಮಾಡಿದ ವರದಿಯನ್ನೂ ಕೇಳು. ಅದರಲ್ಲಿ ಮೆಟ್ರೋ ಬಂದ ಮೇಲಿನ ಲೆಕ್ಕ ಸೇರಿಸಿದ್ದಾರಾ ನೋಡು. ವಾಣಿಜ್ಯ ಗೌಪ್ಯತೆ ಅಂತ ಕೊಡದೇ ಇರಬಹುದು. ಹಾಗಂದರೆ ಮೇಲ್ಮನವಿ ಹಾಕು, 30 ದಿನ ಸಮಯ ಇರುತ್ತದೆ.

ಪದ್ಮಾ ಬನಶಂಕರಿ

ಅಪ್ಪಾ ಹುಡುಗ, ಹೇಗೂ ಅರ್ಜಿ ಬರೀತಿದ್ದೀಯಲ್ಲ, ಆ ಸ್ಕೈವಾಕ್‌ದೂ ಒಂದು ಬರೆದುಕೊಡ್ತೀಯಾ? ನನ್ನ ಮಗ ಇವತ್ತು ನಾಳೆ ಅಂತಲೇ ಇದ್ದಾನೆ.

ಹೆಬ್ಬಾಳದ ಹುಡುಗ

ಬರೆದುಕೊಡ್ತೀನಿ ಆಂಟಿ, ಸ್ಕೈವಾಕ್ ಯಾವ ರಸ್ತೆಯಲ್ಲಿದೆ ಅಂತ ಮೆಸೇಜ್ ಮಾಡಿ. ಅರ್ಜಿ ಬೇರೆ ಬೇರೆ ಹಾಕಬೇಕು, ಎರಡೂ ಒಂದೇ ಇಲಾಖೆಗೆ ಹೋಗಲ್ಲ.